ಎಲ್ಲಕ್ಕೂ ಇಪ್ಪತ್ತೇ ಬರಬೇಕಾ?

ಹಾಸ್ಟೆಲ್ ರೂಮಿನಲ್ಲಿ 120 ದಾಳಗಳನ್ನು ಚಾಪೆ ಮೇಲೆ ಸುರಿದು ಫೋಟೊ ತೆಗೆದ್ವಿ. ಪ್ರತಿ ಮುಖದ ಸಂಭವನೀಯತೆ 1/6, ಅಂದ್ರೆ ತಲಾ 20 ಬರಬೇಕು. ಎಣಿಸಿದ್ರೆ ಒಂದರಿಂದ ಆರರವರೆಗೆ ಕ್ರಮವಾಗಿ 14, 19, 18, 21, 20, 28. "ಆರು ಜಾಸ್ತಿ ಆಯ್ತು ಕಣೋ, 22 ಅಂತ ಬರೆದುಬಿಡು" ಅಂದ ಗೆಳೆಯ. ನನ್ನ ತಕರಾರು ಇಲ್ಲೇ.

ಅನುಮಾನ ಬಂದ್ರೆ ಮೊದಲು ಎಣಿಕೆ ನೋಡಿ. ಓರೆಯಾಗಿ ತೆಗೆದ ಫೋಟೊದಲ್ಲಿ ದಾಳದ ಪಕ್ಕದ ಮುಖಗಳೂ ಕಾಣುತ್ತವೆ, ಅವನ್ನೂ ಎಣಿಸಿಬಿಡ್ತೀವಿ. ನೇರ ಮೇಲಿಂದ ಫೋಟೊ ತೆಗೆಯಿರಿ, ಎಣಿಸಿದ ದಾಳಕ್ಕೆ ಗುರುತು ಹಾಕಿ. ಮೊತ್ತ 120 ಬರದಿದ್ರೆ ಮತ್ತೆ ಎಣಿಸಿ.

ಎಣಿಕೆ ಸರಿಯಿದ್ದೂ 28 ಬಂದ್ರೆ? ಆರರ ಪ್ರಾಯೋಗಿಕ ಸಂಭವನೀಯತೆ 28/120, ಅಂದ್ರೆ 0.233. ನಿರೀಕ್ಷೆ 0.167. ನೋಡೋಕೆ ದೊಡ್ಡ ವ್ಯತ್ಯಾಸವೇ. ಆದ್ರೆ ಪ್ರತಿ ಮುಖದ ವ್ಯತ್ಯಾಸವನ್ನು ವರ್ಗ ಮಾಡಿ, 20ರಿಂದ ಭಾಗಿಸಿ, ಆರನ್ನೂ ಕೂಡಿದ್ರೆ ಸಿಗೋ ಕೈ-ಸ್ಕ್ವೇರ್ ಬರೀ 5.3. ಶೇ. 5ರ ಮಟ್ಟದಲ್ಲಿ ಮಿತಿ 11.07. ಅದನ್ನು ದಾಟದೆ ದಾಳವನ್ನು ದೂರೋಕಾಗಲ್ಲ.

ಹಾಗಂತ ದಾಳ ಸರಿಯಿದೆ ಅಂತಲೂ ಸಾಬೀತಾಗಲಿಲ್ಲ. ಇಂಗ್ಲೆಂಡಿನ ವೆಲ್ಡನ್ 12 ದಾಳಗಳನ್ನು 26,306 ಸಲ ಎಸೆದ ಲೆಕ್ಕದಲ್ಲಿ ಐದು ಅಥವಾ ಆರು ಬಿದ್ದ ಪ್ರಮಾಣ 0.3333ರ ಬದಲು 0.3377. ಇಷ್ಟು ಸಣ್ಣ ವಾಲಿಕೆ ಒಂದು ಫೋಟೊದಲ್ಲಿ ಸಿಕ್ಕಲ್ಲ.

ಆದ್ರಿಂದ 28 ಬಂದಿದ್ರೆ 28 ಅಂತಲೇ ಬರೆಯಿರಿ, ಫೋಟೊನೂ ಅಂಟಿಸಿ. ಆರೂ ಮುಖಕ್ಕೆ 20 ಅಂತ ಬರೆದ ರೆಕಾರ್ಡ್ ಕಂಡ್ರೆ ನಾನಂತೂ ದಾಳವನ್ನಲ್ಲ, ಬರೆದವರನ್ನೇ ಅನುಮಾನಿಸ್ತೀನಿ.