ಬೆಳಕು ತಿದ್ದೋಣ, ಮುಖ ತಿದ್ದುವುದು ಬೇಡ



ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಭಾಗಗಳಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳ ಸಂಬಂಧಗಳು ಈಗ ಶುರುವಾಗುವುದೇ ಫೋಟೊದಿಂದ. ಮಗಳು ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ.ಯಲ್ಲಿ ಇರುತ್ತಾಳೆ, ತಂದೆತಾಯಿ ತಿಪಟೂರಿನ ಕಡೆ. ಹುಡುಗ ಪೀಣ್ಯದ ಕಾರ್ಖಾನೆಯಲ್ಲಿ, ಅವನ ಮನೆಯವರು ಹಾವೇರಿಯ ಕಡೆ. ಮೊದಲೆಲ್ಲ ಯಾರಾದರೂ ನೆಂಟರು ಹುಡುಗಿಯನ್ನು ಕಣ್ಣಾರೆ ಕಂಡು ಬಂದು ಒಂದು ಮಾತು ಹೇಳುತ್ತಿದ್ದರು. ಆ ಮಾತಿನ ಜಾಗಕ್ಕೆ ಈಗ ವಾಟ್ಸಾಪಿನಲ್ಲಿ ಬರುವ ಬಯೋಡೇಟಾ ಮತ್ತು ಅದರ ಜೊತೆಗಿನ ಎರಡು ಚಿತ್ರಗಳು ಬಂದಿವೆ. ಆದ್ದರಿಂದಲೇ ಆ ಚಿತ್ರವನ್ನು ಎಷ್ಟು ತಿದ್ದಬಹುದು ಎನ್ನುವುದು ಸಣ್ಣ ಪ್ರಶ್ನೆಯಲ್ಲ.

ಫೋಟೊ ತಿದ್ದುವುದು ಹೊಸದೇನೂ ಅಲ್ಲ. ಕಪ್ಪು-ಬಿಳುಪಿನ ಕಾಲದ ಸ್ಟುಡಿಯೋದವರು ನೆಗೆಟಿವ್ ಮೇಲೆ ಸಣ್ಣ ಮೊನೆಯ ಪೆನ್ಸಿಲ್ ಹಿಡಿದು ಮೊಡವೆ, ಸುಕ್ಕುಗಳನ್ನು ಮರೆಮಾಡುತ್ತಿದ್ದರು. ಅದಕ್ಕೆ ಟಚಿಂಗ್ ಎನ್ನುತ್ತಿದ್ದರು. ಅದಕ್ಕೆ ಕೈಗುಣ ಬೇಕಿತ್ತು, ಹೊತ್ತು ಹಿಡಿಯುತ್ತಿತ್ತು, ಹಾಗಾಗಿ ಅದಕ್ಕೊಂದು ಮಿತಿಯೂ ಇತ್ತು. ಈಗ ಬೆರಳನ್ನು ಒಮ್ಮೆ ಎಳೆದರೆ ಮೈಬಣ್ಣ ತಿಳಿಯಾಗುತ್ತದೆ, ಕೆನ್ನೆ ಇಳಿಯುತ್ತದೆ, ಕಣ್ಣು ಅರಳುತ್ತದೆ. ಮಿತಿಯನ್ನು ಉಪಕರಣ ಹಾಕಿಕೊಡುವುದಿಲ್ಲ. ನಾವೇ ಹಾಕಿಕೊಳ್ಳಬೇಕು.

ಒಂದು ಸಂದರ್ಭವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಇಪ್ಪತ್ತೊಂಬತ್ತರ ಹೆಣ್ಣುಮಗಳು. ರಾತ್ರಿ ಕೆಲಸ ಮುಗಿಸಿ ಬಂದು, ಪಿ.ಜಿ.ಯ ಕೋಣೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ನಿಂತು, ಕೈ ಚಾಚಿ ಸೆಲ್ಫಿ ತೆಗೆದುಕೊಂಡಳು. ಚಿತ್ರಕ್ಕೆ ಹಸಿರು ಛಾಯೆ ಬಂತು, ಮುಖ ಕಪ್ಪಿಟ್ಟಿತು, ಮೂಗು ದಪ್ಪ ಕಂಡಿತು. ಗಲ್ಲದ ಮೇಲೆ ಒಂದು ಮೊಡವೆ ಇತ್ತು. ದವಡೆಯ ಪಕ್ಕದಲ್ಲಿ ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ಉಳಿದ ಕಲೆಯಿತ್ತು. ಚಿತ್ರ ಚಿಕ್ಕಪ್ಪನ ಮಗನ ಕೈಗೆ ಹೋಯಿತು. ಅವನು ಛಾಯೆ ಸರಿಮಾಡಿದ, ಮೊಡವೆ ಅಳಿಸಿದ. ಅದೇ ಓಘದಲ್ಲಿ ಕಲೆಯನ್ನೂ ಅಳಿಸಿದ, ಮೂಗನ್ನು ಕಿರಿದು ಮಾಡಿದ, ಮುಖವನ್ನು ಎರಡು ಪಟ್ಟು ಬೆಳ್ಳಗೆ ಮಾಡಿದ. ಅತ್ತ ಹುಡುಗನ ಮನೆಯವರು ಕಳಿಸಿದ್ದು ನಾಲ್ಕು ವರ್ಷ ಹಳೆಯ ಫೋಟೊ. ಅದರಲ್ಲಿ ಹಣೆಯ ಮೇಲಿನ ಕೂದಲು ಇನ್ನೂ ಉದುರಿರಲಿಲ್ಲ. ಎರಡು ಮನೆಯವರೂ ಒಪ್ಪಿ, ಭಾನುವಾರ ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದು ಕೂತರು. ಆಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಲಾರದೆ ಹವಾಮಾನದ ಮಾತಾಡಿ ಎದ್ದರು. ಆ ಹುಡುಗಿಯ ನಿಜವಾದ ಮುಖವನ್ನು ಅಲ್ಲಿ ಯಾರೂ ತಿರಸ್ಕರಿಸಲಿಲ್ಲ, ಯಾಕೆಂದರೆ ಅದನ್ನು ಯಾರೂ ಕೇಳಿಯೇ ಇರಲಿಲ್ಲ. ತನ್ನದೇ ಚಿತ್ರದ ಪಕ್ಕದಲ್ಲಿ ನಿಂತು ಕಡಿಮೆಯಾಗುವ ಅವಮಾನ ಮಾತ್ರ ಅವಳ ಪಾಲಿಗೆ ಬಂತು.

ಇಲ್ಲಿ ನಡೆದ ತಿದ್ದುಪಡಿಗಳನ್ನು ಒಂದೊಂದಾಗಿ ನೋಡಿದರೆ ಗೆರೆ ಎಲ್ಲಿದೆ ಎಂದು ತಿಳಿಯುತ್ತದೆ.

ಹಸಿರು ಛಾಯೆ ಅವಳ ಮೈಯದಲ್ಲ, ದೀಪದ್ದು. ಅದನ್ನು ತೆಗೆಯುವುದು ತಪ್ಪಲ್ಲ. ಸರಿಯಾಗಿ ತೆಗೆದಿದ್ದೇವೆಯೇ ಎಂದು ನೋಡಲು ಸುಲಭವಾದ ಒಂದು ದಾರಿಯಿದೆ. ಫೋಟೊ ತೆಗೆಯುವಾಗ ಒಂದು ಚಿತ್ರದಲ್ಲಿ ಬಿಳಿ ಹಾಳೆಯನ್ನು ಮುಖದ ಪಕ್ಕ ಹಿಡಿಯಿರಿ. ತಿದ್ದುವಾಗ ಮುಖ ನೋಡಬೇಡಿ, ಹಾಳೆ ನೋಡಿ. ಹಾಳೆ ಬೂದಿಯಾಗಿಯೂ ಅಲ್ಲದೆ, ಹಳದಿಯಾಗಿಯೂ ಅಲ್ಲದೆ ಬಿಳಿಯಾಗಿ ಕಾಣುವಷ್ಟು ತಿದ್ದಿ ಅಲ್ಲಿಗೇ ನಿಲ್ಲಿಸಿ. ಮುಖದ ಬಣ್ಣ ತಾನಾಗಿಯೇ ತನ್ನ ಜಾಗಕ್ಕೆ ಬರುತ್ತದೆ. ಅಷ್ಟೇ ತಿದ್ದುಪಡಿಯನ್ನು ಅದೇ ಬೆಳಕಿನಲ್ಲಿ ತೆಗೆದ ಉಳಿದ ಚಿತ್ರಗಳಿಗೂ ಮಾಡಿದರಾಯಿತು. ಇದರಿಂದ ಒಂದು ಸೂತ್ರ ಸಿಗುತ್ತದೆ: ಇಡೀ ಚಿತ್ರಕ್ಕೆ, ಗೋಡೆ, ಸೀರೆ, ಕೈ, ಮುಖ ಎಲ್ಲಕ್ಕೂ ಸಮನಾಗಿ ತಗಲುವ ಬದಲಾವಣೆ ಬೆಳಕಿನ ತಿದ್ದುಪಡಿ. ಮುಖಕ್ಕೆ ಮಾತ್ರ ತಗಲುವ ಬದಲಾವಣೆ ವ್ಯಕ್ತಿಯ ತಿದ್ದುಪಡಿ. ಬೆಳ್ಳಗೆ ಮಾಡುವ ಫಿಲ್ಟರ್ ಎರಡನೆಯ ಜಾತಿಗೆ ಸೇರಿದ್ದು. ಅದಕ್ಕೇ ಅಂಥ ಚಿತ್ರದಲ್ಲಿ ಮುಖ ಒಂದು ಬಣ್ಣ, ಕುತ್ತಿಗೆ ಮತ್ತು ಮುಂಗೈ ಇನ್ನೊಂದು ಬಣ್ಣ ಕಾಣುತ್ತವೆ.

ಮೂಗಿನ ವಿಷಯ ಸ್ವಲ್ಪ ಬೇರೆ. ಅದು ದಪ್ಪ ಕಂಡದ್ದು ಕ್ಯಾಮೆರಾ ತೀರ ಹತ್ತಿರ ಇದ್ದದ್ದರಿಂದ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ವೈದ್ಯರೊಬ್ಬರು ತಮ್ಮ ಸಂಗಡಿಗರೊಂದಿಗೆ 2018ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು: 12 ಇಂಚಿನಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ, 5 ಅಡಿ ದೂರದಿಂದ ತೆಗೆದರೆ ಆ ದೋಷ ಉಳಿಯುವುದಿಲ್ಲ. ಹಾಗಾದರೆ ತಂತ್ರಾಂಶದಲ್ಲಿ ಮೂಗು ಕಿರಿದು ಮಾಡಿದ್ದು ಸರಿಯೇ? ಅಲ್ಲ. ಎಷ್ಟು ಕಿರಿದು ಮಾಡಿದರೆ ನಿಜ ಎಂದು ಅಳೆಯಲು ಆ ಹುಡುಗನ ಬಳಿ ಹಾಳೆಯಂಥ ಗುರುತು ಏನೂ ಇರಲಿಲ್ಲ. ಅವನು ಚಂದ ಕಾಣುವವರೆಗೆ ಎಳೆದ, ಅಷ್ಟೇ. ಕ್ಯಾಮೆರಾ ಮಾಡಿದ ದೋಷಕ್ಕೆ ಪರಿಹಾರ ಕ್ಯಾಮೆರಾದಲ್ಲೇ ಇದೆ: ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು ಐದು ಅಡಿ ಹಿಂದೆ ನಿಲ್ಲಿಸಿ ಮತ್ತೆ ತೆಗೆಸುವುದು.

ಮೊಡವೆ ಮತ್ತು ಕಲೆಯನ್ನು ಅವನು ಒಂದೇ ಬೆರಳಿನಿಂದ ಅಳಿಸಿದ. ಆದರೆ ಎರಡೂ ಒಂದಲ್ಲ. ಹದಿನೈದು ದಿನದಲ್ಲಿ ತಾನಾಗಿ ಹೋಗುವುದನ್ನು ಅಳಿಸಿದರೆ ಯಾರಿಗೂ ಮೋಸವಿಲ್ಲ, ನೋಡಲು ಬಂದ ದಿನ ಅದು ಇರುವುದೂ ಇಲ್ಲ. ಸುಟ್ಟ ಕಲೆ, ಹುಟ್ಟುಮಚ್ಚೆ, ತೊನ್ನು, ಉದುರಿದ ಕೂದಲು ಇವು ಆ ವ್ಯಕ್ತಿಯ ಜೊತೆಗೇ ಬರುವಂಥವು. ಅವನ್ನು ಅಳಿಸಿದ ಚಿತ್ರ ಸುಳ್ಳು ಹೇಳುತ್ತದೆ.

ಇಲ್ಲಿ ತಾಯಂದಿರು ಕೇಳುವ ಪ್ರಶ್ನೆ ನ್ಯಾಯವಾದದ್ದು: "ಹಾಗಾದರೆ ಕಲೆಯನ್ನು ಊರಿಗೆಲ್ಲ ತೋರಿಸಬೇಕೇ? ಯಾರ್ಯಾರ ಫೋನಿಗೋ ಹೋಗುವ ಫೋಟೊ ಅದು." ತೋರಿಸಬೇಕಿಲ್ಲ. ಮುಖವನ್ನು ಇನ್ನೊಂದು ಪಕ್ಕಕ್ಕೆ ತುಸು ತಿರುಗಿಸಿ ತೆಗೆದ ಚಿತ್ರ ಕಳಿಸುವುದು ಅವಳ ಹಕ್ಕು. ಮುಚ್ಚಿಟ್ಟದ್ದಕ್ಕೂ ಅಳಿಸಿದ್ದಕ್ಕೂ ವ್ಯತ್ಯಾಸವಿದೆ. ಒಂದು ಪಕ್ಕ ಕಾಣದ ಚಿತ್ರ ಆ ಪಕ್ಕದ ಬಗ್ಗೆ ಏನೂ ಹೇಳುವುದಿಲ್ಲ. ಕಲೆಯಿರುವ ಜಾಗವನ್ನೇ ತೋರಿಸಿ ಅಲ್ಲಿ ನುಣುಪಾದ ಚರ್ಮ ಬರೆದ ಚಿತ್ರ "ಇಲ್ಲಿ ಏನೂ ಇಲ್ಲ" ಎಂದು ಬಾಯಿಬಿಟ್ಟು ಹೇಳುತ್ತದೆ. ಆದರೆ ಸುಮ್ಮನಿರುವುದಕ್ಕೂ ಒಂದು ಗಡುವಿದೆ. ಎದುರಿನವರು ಬಸ್ಸು ಹತ್ತುವ ಮೊದಲು ಫೋನಿನಲ್ಲಿ ಒಂದು ಮಾತು ಹೇಳಿಬಿಡಬೇಕು: "ಅಮ್ಮಾ, ಮಗಳಿಗೆ ಚಿಕ್ಕಂದಿನಲ್ಲಿ ದವಡೆಯ ಹತ್ತಿರ ಸುಟ್ಟ ಕಲೆ ಇದೆ, ನೋಡಿ ಯೋಚನೆ ಮಾಡಿ ಬನ್ನಿ." ಆ ಒಂದು ಮಾತಿಗೆ ಬರದೆ ಉಳಿಯುವವರು ಬಂದಿದ್ದರೂ ಉಳಿಯುತ್ತಿರಲಿಲ್ಲ.

ಹುಡುಗನ ಮನೆಯವರು ಯಾವ ಉಪಕರಣವನ್ನೂ ಮುಟ್ಟಲಿಲ್ಲ, ಅವರ ಫೋಟೊದಲ್ಲಿ ಒಂದು ಗೆರೆಯೂ ತಿದ್ದಿದ್ದಲ್ಲ. ಆದರೂ ಅದು ಅಷ್ಟೇ ಸುಳ್ಳು. ಫೋಟೊ ಆರು ತಿಂಗಳಿಗಿಂತ ಹಳೆಯದಾಗಬಾರದು, ತೆಗೆದ ತಿಂಗಳನ್ನು ಬಯೋಡೇಟಾದಲ್ಲಿ ಬರೆದಿರಬೇಕು.

ಗೊತ್ತಿಲ್ಲದೆ ಆಗುವ ಮೋಸವೂ ಇದೆ. ಅನೇಕ ಫೋನುಗಳ ಮುಂದಿನ ಕ್ಯಾಮೆರಾದಲ್ಲಿ ಬ್ಯೂಟಿ ಮೋಡ್ ನಾವು ಕೇಳದೆಯೇ ಚಾಲೂ ಇರುತ್ತದೆ. ತೆಗೆಯುವ ಮೊದಲು ಅದನ್ನು ಸೊನ್ನೆಗೆ ಇಳಿಸಿ. ಇನ್ನೊಂದು, ಮಸುಕಾದ ಚಿತ್ರವನ್ನು "ಸ್ಪಷ್ಟ" ಮಾಡಿಕೊಡುವ ಈಗಿನ ತಂತ್ರಾಂಶಗಳು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ದಾಟಿ ಸವೆದ ಚಿತ್ರದಲ್ಲಿ ಇಲ್ಲದ ವಿವರವನ್ನು ಅವು ಎಲ್ಲಿಂದಲೂ ಹುಡುಕಿ ತರುವುದಿಲ್ಲ. ಸಾವಿರಾರು ಬೇರೆ ಮುಖಗಳನ್ನು ಕಂಡ ಅಭ್ಯಾಸದಿಂದ ಊಹಿಸಿ ಬರೆಯುತ್ತವೆ. ಕಣ್ಣು, ಹಲ್ಲು, ಹುಬ್ಬು ಚೂಪಾಗಿ ಬರುತ್ತವೆ, ಆದರೆ ಅವು ನಿಮ್ಮ ಮಗಳದೇ ಆಗಿರಬೇಕೆಂದಿಲ್ಲ. ಅದರ ಬದಲು ಮೂಲ ಚಿತ್ರವನ್ನೇ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಅದು ಸವೆಯುವುದಿಲ್ಲ.

ಬಂದ ಫೋಟೊ ನೋಡುವವರಿಗೂ ಒಂದೆರಡು ಗುರುತುಗಳು. ಕೆನ್ನೆ, ಸೊಂಟದ ಪಕ್ಕದ ಬಾಗಿಲ ಚೌಕಟ್ಟು ಅಥವಾ ಕಿಟಕಿಯ ಸರಳು ಬಾಗಿದ್ದರೆ ಅಲ್ಲಿ ಆಕಾರ ಎಳೆದಿದ್ದಾರೆ. ಎರಡು ಕಿವಿಯ ಓಲೆ ಬೇರೆ ಬೇರೆ ವಿನ್ಯಾಸದ್ದಾಗಿದ್ದರೆ, ಸೀರೆಯ ಅಂಚು ನಡುವೆ ಕರಗಿ ಹೋಗಿದ್ದರೆ ಚಿತ್ರವನ್ನು ಯಂತ್ರ ಹೊಸದಾಗಿ ಬರೆದಿರಬಹುದು. ವೀಡಿಯೊ ಕಾಲ್ ಮಾಡಿ ನೋಡಿದೆವು ಎಂಬ ನೆಮ್ಮದಿಯೂ ಪೂರ್ತಿ ಸಾಲದು. ಈಗ ಅಲ್ಲೂ ಮುಖ ನುಣುಪು ಮಾಡುವ ಸೌಲಭ್ಯವಿದೆ. ಅನುಮಾನ ಬಂದರೆ ಊರಲ್ಲಿ ಸಾರಬೇಡಿ. "ಬೆಳಗಿನ ಬೆಳಕಲ್ಲಿ ತೆಗೆದ ಇನ್ನೊಂದು ಫೋಟೊ ಕಳಿಸಿ" ಎಂದು ಕೇಳಿ.

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳುತ್ತಾರೆ. ಲಿಂಗಾಯತರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಲ್ಲಿ, ಮಹತ್ವದ ಸಂಗತಿಯ ಬಗ್ಗೆ ವಂಚಿಸಿ ಒಪ್ಪಿಗೆ ಪಡೆದ ಮದುವೆಯನ್ನು ರದ್ದುಪಡಿಸಲು ಅರ್ಜಿ ಹಾಕುವ ಅವಕಾಶವಿದೆ. ವಂಚನೆ ತಿಳಿದ ಒಂದು ವರ್ಷದೊಳಗೆ ಹಾಕಬೇಕು, ತಿಳಿದ ಮೇಲೂ ಮನಸಾರೆ ಒಟ್ಟಿಗೆ ಬಾಳಿದವರಿಗೆ ಆ ದಾರಿ ಇಲ್ಲ. ಎದುರಾಎದುರು ನೋಡಿ, ಒಪ್ಪಿ ಆದ ಮದುವೆಯಲ್ಲಿ ಬರೀ ಫೋಟೊದ ದೂರು ನಿಲ್ಲುವುದು ಕಷ್ಟ. ಹಾಗಾಗಿ ಇದು ನ್ಯಾಯಾಲಯಕ್ಕೆ ಬಿಡುವ ವಿಷಯವಲ್ಲ, ಮನೆಯಲ್ಲೇ ತೀರಿಸಿಕೊಳ್ಳುವ ವಿಷಯ.

ಕೊನೆಗೆ ನಮ್ಮದೇ ಅಂಗಳದ ಮಾತು. ಬಣ್ಣದ ಸುಳ್ಳನ್ನು ಮಕ್ಕಳು ಯಾಕೆ ಹೇಳುತ್ತಾರೆ? ನಾವು ಬಣ್ಣ ಕೇಳುತ್ತೇವೆ, ಅದಕ್ಕೆ. ನಾವು ಹಂಚುವ ವಧು-ವರರ ಅರ್ಜಿಗಳಲ್ಲಿ ಎಷ್ಟೋ ಕಡೆ "ಮೈಬಣ್ಣ" ಎಂಬ ಕಲಂ ಇನ್ನೂ ಇದೆ. ವ್ಯಾಪಾರಕ್ಕಾಗಿ ನಡೆಯುವ ಶಾದಿ ಡಾಟ್ ಕಾಮ್ ಕೂಡ ಜನರ ಆಕ್ಷೇಪಕ್ಕೆ ಮಣಿದು 2020ರಲ್ಲಿ ಮೈಬಣ್ಣದ ಮೇಲೆ ಹುಡುಕುವ ಆಯ್ಕೆಯನ್ನು ತೆಗೆದುಹಾಕಿತು. ಹುಟ್ಟಿನಿಂದ ಬಂದದ್ದರ ಮೇಲೆ ಮನುಷ್ಯನನ್ನು ಅಳೆಯಬಾರದು ಎಂದ ಶರಣರ ಹೆಸರು ಹೇಳುವ ನಾವು ಆ ಕಲಮನ್ನು ಉಳಿಸಿಕೊಂಡಿರುವುದು ಹೇಗೆ?

ಬರುವ ವಧು-ವರರ ಸಮಾವೇಶಗಳನ್ನು ನಡೆಸುವವರಲ್ಲಿ ನಮ್ಮ ಕೋರಿಕೆ ಎರಡೇ. ಅರ್ಜಿಯಿಂದ "ಮೈಬಣ್ಣ" ತೆಗೆಯಿರಿ. ಆ ಜಾಗದಲ್ಲಿ ಒಂದು ಸಾಲು ಸೇರಿಸಿ: "ಫೋಟೊ ತೆಗೆದ ತಿಂಗಳು ಇದು, ಬೆಳಕನ್ನು ಬಿಟ್ಟು ಬೇರೇನನ್ನೂ ತಿದ್ದಿಲ್ಲ." ಸಮಾವೇಶ ನಡೆಯುವ ಕಲ್ಯಾಣ ಮಂಟಪದ ಜಗಲಿಯ ನೆರಳಿನಲ್ಲಿ ಒಬ್ಬ ಛಾಯಾಗ್ರಾಹಕರನ್ನು ಕೂರಿಸಿ, ಎಲ್ಲರಿಗೂ ಐದು ಅಡಿ ದೂರದಿಂದ, ಒಂದೇ ಬೆಳಕಿನಲ್ಲಿ ಒಂದೊಂದು ಫೋಟೊ ತೆಗೆಸಿಕೊಟ್ಟರೆ ಇನ್ನೂ ಒಳ್ಳೆಯದು. ಆಗ ಯಾರ ಮುಖಕ್ಕೂ ಸಾಲ ತಂದ ಚೆಲುವು ಬೇಕಾಗುವುದಿಲ್ಲ.