ಕಾಯುವ ನಿಮಿಷಗಳೇ ಮೆಟ್ರೊದ ಅಳತೆ

ಹೊಸ ಮೆಟ್ರೊ ಮಾರ್ಗ ಜನರಿಗೆ ಎಷ್ಟು ಒದಗಿತು ಎಂದು ಅಳೆಯುವುದು ಹೇಗೆ? ಉದ್ಘಾಟನೆಯ ವರದಿಗಳಲ್ಲಿ ಮಾರ್ಗದ ಉದ್ದ, ಖರ್ಚು, ಮುಂದೆ ಬರಬಹುದಾದ ಲಕ್ಷಗಟ್ಟಲೆ ಪ್ರಯಾಣಿಕರ ಅಂದಾಜು ಇರುತ್ತವೆ. ದಿನವೂ ಕೆಲಸಕ್ಕೆ ಹೋಗುವವರಿಗೆ ಇವುಗಳಿಗಿಂತ ಮುಖ್ಯವಾದ ಸಂಗತಿಗಳು ಎರಡು: ರೈಲಿಗೆ ಎಷ್ಟು ಹೊತ್ತು ಕಾಯಬೇಕು, ತಿಂಗಳಿಗೆ ಎಷ್ಟು ಹಣ ತೆರಬೇಕು.

2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಬೆಂಗಳೂರಿನ ಹಳದಿ ಮಾರ್ಗವನ್ನೇ ನೋಡೋಣ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, 16 ನಿಲ್ದಾಣ. ಸಿಲ್ಕ್ ಬೋರ್ಡ್ ವೃತ್ತದ ದಟ್ಟಣೆಯ ಮೇಲೆ ಹಾದು ಎಲೆಕ್ಟ್ರಾನಿಕ್ ಸಿಟಿ ತಲುಪುವ ಈ ದಾರಿಗೆ ಜನ ವರ್ಷಗಟ್ಟಲೆ ಕಾದಿದ್ದರು. ಮೊದಲ ದಿನವೇ ಸುಮಾರು ಅರ್ಧ ಲಕ್ಷ ಮಂದಿ ಪ್ರಯಾಣಿಸಿದರು. ಆದರೆ ಆಗ ಇದ್ದದ್ದು ಮೂರೇ ರೈಲು, ಬರುತ್ತಿದ್ದುದು 25 ನಿಮಿಷಕ್ಕೊಂದು.

ಇದರ ಲೆಕ್ಕ ಸರಳ. ಒಂದು ರೈಲು ಹೋಗಿ, ತಿರುಗಿ, ಹೊರಟ ಜಾಗಕ್ಕೆ ಮರಳಲು ಸುಮಾರು 75 ನಿಮಿಷ ಬೇಕು. ಅದನ್ನು ಮೂರು ರೈಲಿಗೆ ಹಂಚಿದರೆ 25 ನಿಮಿಷ. ನಾಲ್ಕನೆಯ ರೈಲು ಬಂದಾಗ ಅಂತರ 19 ನಿಮಿಷಕ್ಕೆ, ಐದನೆಯದು ಬಂದಾಗ 15ಕ್ಕೆ ಇಳಿಯಿತು. ಐದು ನಿಮಿಷಕ್ಕೊಂದು ರೈಲು ಬೇಕೆಂದರೆ ಹದಿನೈದು ರೈಲು ಓಡಬೇಕು. ಆರು ಬೋಗಿಯ ರೈಲಿನಲ್ಲಿ 1,500 ಮಂದಿ ಹಿಡಿಸುತ್ತಾರೆ ಎಂದುಕೊಂಡರೂ, 25 ನಿಮಿಷದ ಅಂತರದಲ್ಲಿ ಒಂದು ದಿಕ್ಕಿಗೆ ಗಂಟೆಗೆ ಹೋಗಬಲ್ಲವರು 3,600 ಮಂದಿ. ಐದು ನಿಮಿಷದ ಅಂತರದಲ್ಲಿ 18,000. ಹಾಗಾಗಿ ಆರಂಭದ ಪ್ರಯಾಣಿಕರ ಸಂಖ್ಯೆ ಜನರ ಅಗತ್ಯವನ್ನು ಹೇಳುವುದಿಲ್ಲ, ರೈಲುಗಳ ಕೊರತೆಯನ್ನು ಹೇಳುತ್ತದೆ. ಹಳಿ, ನಿಲ್ದಾಣಗಳು ಸಿದ್ಧವಾದರೂ ಬೋಗಿಗಳ ಪೂರೈಕೆ ತಡವಾದರೆ ಮಾರ್ಗ ಅರೆಬರೆಯೇ.

ಇನ್ನು ದರ. ಆಗ ಈ ತುದಿಯಿಂದ ಆ ತುದಿಗೆ 60 ರೂಪಾಯಿ. ತಿಂಗಳಿಗೆ 25 ದಿನ ಹೋಗಿಬಂದರೆ 3,000. ಸ್ಮಾರ್ಟ್ ಕಾರ್ಡಿನ ಶೇ 5 ರಿಯಾಯಿತಿ ಕಳೆದರೆ 2,850. ನಿಲ್ದಾಣ ತಲುಪುವ ಆಟೊ ಖರ್ಚು ಬೇರೆ. ಕಾರು ಬಿಟ್ಟು ಬರುವ ಸಾಫ್ಟ್‌ವೇರ್ ಉದ್ಯೋಗಿಗೆ ಇದು ಉಳಿತಾಯ. ಬೊಮ್ಮಸಂದ್ರದ ಕಾರ್ಖಾನೆಗೆ ಶಕ್ತಿ ಯೋಜನೆಯಡಿ ಬಸ್ಸಿನಲ್ಲಿ ಉಚಿತವಾಗಿ ಹೋಗುವ ಮಹಿಳೆಗೆ ಅದೇ ಮೊತ್ತ ಸಂಬಳದಿಂದ ಹೊಸದಾಗಿ ಕಳೆಯುವ ಹಣ. ಸಮಯ ಉಳಿಯುತ್ತದೆಂದು ಗೊತ್ತಿದ್ದರೂ ಅವಳು ಬಸ್ಸನ್ನೇ ಹತ್ತುವುದು ಸಹಜ.

ಆದ್ದರಿಂದ ಮಾರ್ಗ ತೆರೆಯುವ ದಿನವೇ ಮೆಟ್ರೊ ನಿಗಮ ಎರಡು ಮಾತು ಕೊಡಬೇಕು: ಯಾವ ತಿಂಗಳಿಗೆ ಎಷ್ಟು ರೈಲು ಬರುತ್ತವೆ, ದಿನನಿತ್ಯದ ಪ್ರಯಾಣಿಕರಿಗೆ ಕಡಿಮೆ ದರದ ಮಾಸಿಕ ಪಾಸ್ ಯಾವಾಗ ಸಿಗುತ್ತದೆ. ಪತ್ರಿಕೆಗಳೂ ಉದ್ಘಾಟನೆಯ ಮರುದಿನಕ್ಕೆ ನಿಲ್ಲದೆ ಆ ಮಾತುಗಳನ್ನು ತಿಂಗಳು ತಿಂಗಳೂ ಕೇಳುತ್ತಿರಬೇಕು.