ರೇಂಜ್ ನಂಬರ್ ನಿಮ್ಮ ಬ್ಯಾಂಕ್ ಬ್ಯಾಲೆನ್ಸ್ ಅಲ್ಲ ಗುರು!

1/7
"ಸ್ಕ್ರೀನ್ ಮೇಲೆ 46 ಕಿ.ಮೀ. ತೋರಿಸ್ತಿತ್ತು, 25ಕ್ಕೇ ಕಾರು ಸುಸ್ತಾಯ್ತು, ಇವಿ ಅಂದ್ರೇನೇ ಮೋಸ." ಈ ಥರದ ರೀಲ್ ವಾರಕ್ಕೊಂದಾದ್ರೂ ನಮ್ಮ ಕ್ಲಾಸ್ ಗ್ರೂಪಿಗೆ ಬರುತ್ತೆ. ಕೆಳಗೆ ಕಾಮೆಂಟಲ್ಲಿ ಎರಡು ಪಾರ್ಟಿ. ಒಂದು "ಪೆಟ್ರೋಲೇ ಬೆಸ್ಟ್" ಅನ್ನುತ್ತೆ, ಇನ್ನೊಂದು "ಓಡ್ಸೋಕೆ ಬರಲ್ಲ ನಿಂಗೆ" ಅನ್ನುತ್ತೆ. ನನ್ನ ಪ್ರಕಾರ ಇಬ್ಬರದ್ದೂ ತಪ್ಪು. ಕಾರು ಸುಳ್ಳು ಹೇಳಿಲ್ಲ, ಓಡಿಸಿದವನೂ ದಡ್ಡ ಅಲ್ಲ. ಆ ಕಿಲೋಮೀಟರ್ ನಂಬರನ್ನೇ ದೊಡ್ಡದಾಗಿ ತೋರಿಸಿ, ಅದರ ಅರ್ಥ ಏನು ಅಂತ ಯಾರೂ ಹೇಳಿಕೊಡದೇ ಮಾರೋ ಪದ್ಧತಿ ಇದೆಯಲ್ಲ, ತಪ್ಪು ಅಲ್ಲಿದೆ. ಕೊನೇ ಸ್ಲೈಡ್ ತನಕ ಓದಿ, ಆಮೇಲೆ ಜಗಳ ಆಡೋಣ.

2/7
ಬಿಕಾಂ ಭಾಷೆಯಲ್ಲೇ ಹೇಳ್ತೀನಿ. ಬ್ಯಾಟರಿಯಲ್ಲಿ ಉಳಿದಿರೋ ಕರೆಂಟು ಕ್ಯಾಷ್ ಬ್ಯಾಲೆನ್ಸ್ ಇದ್ದ ಹಾಗೆ. ರೇಂಜ್ ಅನ್ನೋದು ಬರೀ ಫೋರ್‌ಕಾಸ್ಟ್. ಇಷ್ಟು ಹೊತ್ತು ಒಂದು ಕಿಲೋಮೀಟರಿಗೆ ಎಷ್ಟು ಖರ್ಚಾಯ್ತು ಅಂತ ಕಾರು ಲೆಕ್ಕ ಇಟ್ಟಿರುತ್ತೆ. ಉಳಿದಿದ್ದನ್ನ ಅದರಿಂದ ಭಾಗಿಸಿ ಒಂದು ನಂಬರ್ ಕೊಡುತ್ತೆ. ಬಹಳಷ್ಟು ಕಾರುಗಳಿಗೆ ಹಿಂದಿನ ರಸ್ತೆ ಗೊತ್ತು, ಮುಂದಿನ ಜಾಮ್ ಗೊತ್ತಿಲ್ಲ.

ಬ್ರೋಷರ್ ನಂಬರ್ ಇನ್ನೂ ಮಜಾ. ನಮ್ಮಲ್ಲಿ ಅದು ಲ್ಯಾಬಿನೊಳಗೆ ರೋಲರ್ ಮೇಲೆ ಓಡಿಸಿ, ಎಸಿ ಹಾಕದೆ ತೆಗೆದ ಲೆಕ್ಕ. ಆ ಟೆಸ್ಟಲ್ಲಿ ಸ್ಪೀಡು ಗಂಟೆಗೆ 90 ದಾಟಲ್ಲ. ಮೇ ತಿಂಗಳಲ್ಲಿ ಎಸಿ ಹಾಕದೆ ಕಾರು ಓಡ್ಸೋರು ಯಾರಪ್ಪ?

3/7
ಈಗ ಆ 46 ಎಲ್ಲಿಂದ ಬಂತು, 25ಕ್ಕೆ ಹೇಗೆ ಮುಗೀತು, ಒಂದು ಲೆಕ್ಕ ಮಾಡೋಣ. ಕರೆಂಟ್ ಬಿಲ್ಲಲ್ಲಿ ಬರುತ್ತಲ್ಲ, ಅದೇ ಯೂನಿಟ್ಟಲ್ಲಿ. 30 ಯೂನಿಟ್ ಬ್ಯಾಟರಿಯ ಒಂದು ಕಾರು ಅಂತ ಇಟ್ಕೊಳ್ಳಿ. ತುಮಕೂರು ಹೈವೇಯಿಂದ ಬೆಂಗಳೂರಿಗೆ ಬರೋ ಹೊತ್ತಿಗೆ 20% ಉಳಿದಿದೆ, ಅಂದ್ರೆ 6 ಯೂನಿಟ್. ಹೈವೇಯಲ್ಲಿ 100 ಕಿ.ಮೀ.ಗೆ 13 ಯೂನಿಟ್ ತಿಂದಿದೆ. ಅದೇ ರೇಟಲ್ಲಿ ಭಾಗಿಸಿದ್ರೆ 46 ಕಿ.ಮೀ. ಮನೆ ಇನ್ನು 25 ಕಿ.ಮೀ. "ಆರಾಮ್ ಆಗಿ ಹೋಗ್ಬಹುದು" ಅಂತಲೇ ಎಲ್ಲರಿಗೂ ಅನ್ಸುತ್ತೆ.

ಆದ್ರೆ ಸಂಜೆ ಏಳು ಗಂಟೆ, ಮಳೆ, ಗಾಜೆಲ್ಲ ಮಂಜು, ಎಸಿ ಆಫ್ ಮಾಡೋ ಹಾಗಿಲ್ಲ. ಟ್ರಾಫಿಕ್ಕಲ್ಲಿ ಸರಾಸರಿ ಗಂಟೆಗೆ 12 ಕಿ.ಮೀ. 25 ಕಿ.ಮೀ. ಹೋಗೋಕೆ ಎರಡು ಗಂಟೆ ಮೇಲೆ ಬೇಕು. ನಿಂತು ನಿಂತು ಹೋದ್ರೂ ಮೋಟಾರಿಗೆ ಸುಮಾರು 3 ಯೂನಿಟ್ ಸಾಕು. ಎಸಿ ಗಂಟೆಗೆ ಸುಮಾರು 1.2 ಯೂನಿಟ್ ಎಳೆದ್ರೆ ಅದಕ್ಕೇ 2.5 ಯೂನಿಟ್. ಒಟ್ಟು 5.5. ಮನೆ ಗೇಟಿಗೆ ಬರುವಾಗ ಉಳಿಯೋದು ಅರ್ಧ ಯೂನಿಟ್, 2%ಗಿಂತ ಕಮ್ಮಿ. ಬ್ಯಾಟರಿ ಹಾಳಾಗಿಲ್ಲ, ಕಾರು ಕದ್ದಿಲ್ಲ. ರಸ್ತೆ ಬದಲಾಯ್ತು, ಲೆಕ್ಕ ಬದಲಾಗಲಿಲ್ಲ, ಅಷ್ಟೇ.

4/7
ಇದರಲ್ಲಿ ತಲೇಲಿ ಇಟ್ಕೋಬೇಕಾದ್ದು ಒಂದೇ ಮಾತು: ಮೋಟಾರ್ ತಿನ್ನೋದು ಕಿಲೋಮೀಟರ್ ಲೆಕ್ಕದಲ್ಲಿ, ಎಸಿ ತಿನ್ನೋದು ಗಂಟೆ ಲೆಕ್ಕದಲ್ಲಿ. ಎಸಿ ಅಂಗಡಿ ಬಾಡಿಗೆ ಥರ. ವ್ಯಾಪಾರ ಆಗ್ಲಿ ಬಿಡ್ಲಿ, ಕಟ್ಟಲೇಬೇಕು.

ಅದಕ್ಕೇ "ಎಸಿ ಹಾಕಿದ್ರೆ ರೇಂಜ್ ಇಷ್ಟು ಪರ್ಸೆಂಟ್ ಕಮ್ಮಿ" ಅಂತ ಒಂದೇ ನಂಬರ್ ಕೊಡೋ ಯೂಟ್ಯೂಬ್ ಅಣ್ಣಂದಿರನ್ನ ನಂಬಬೇಡಿ. ಹೈವೇಯಲ್ಲಿ 80ರಲ್ಲಿ ಹೋಗುವಾಗ ಮೋಟಾರೇ ಗಂಟೆಗೆ ಹತ್ತು ಯೂನಿಟ್ ಹತ್ತಿರ ತಿನ್ನುತ್ತೆ, ಅದರ ಮುಂದೆ ಎಸಿಯ ಒಂದು ಯೂನಿಟ್ ಚಿಲ್ರೆ. ಜಾಮಲ್ಲಿ ಮೋಟಾರ್ ಗಂಟೆಗೆ ಒಂದೂವರೆ ಯೂನಿಟ್ಟೂ ತಿನ್ನಲ್ಲ, ಆಗ ಎಸಿ ಹೆಚ್ಚುಕಮ್ಮಿ ಅರ್ಧ ಪಾಲುದಾರ. ಹೈವೇಯಲ್ಲಿ ಎಸಿ ಆಫ್ ಮಾಡಿ ಬೆವರು ಸುರಿಸ್ಕೊಂಡು 110ರಲ್ಲಿ ಹೋಗೋದಕ್ಕಿಂತ, ಎಸಿ ಹಾಕ್ಕೊಂಡು 80ರಲ್ಲಿ ಹೋಗೋದು ಎಷ್ಟೋ ಲಾಭ. ಗಾಳಿಯ ತಡೆ ಸ್ಪೀಡಿನ ವರ್ಗದಲ್ಲಿ ಏರುತ್ತೆ.

5/7
"ಚಳಿಗೆ ರೇಂಜ್ ಬಿತ್ತು" ಅನ್ನೋದೂ ನಿಜಾನೇ, ಆದ್ರೆ ಯಾವ ಚಳಿ? ಮಡಿಕೇರಿಯ ಬೆಳಗಿನ ಚಳಿ ಇದಕ್ಕೆ ದೊಡ್ಡ ಲೆಕ್ಕವೇ ಅಲ್ಲ. ಸೊನ್ನೆಗಿಂತ ಕೆಳಗೆ ಹೋದಾಗ ಸೆಲ್ಲಿನೊಳಗಿನ ರಾಸಾಯನಿಕ ಕ್ರಿಯೆ ನಿಧಾನ ಆಗುತ್ತೆ, ಒಳಗಿನ ತಡೆ ಹೆಚ್ಚಾಗುತ್ತೆ. ಬ್ಯಾಟರಿಯಲ್ಲಿ ಇರೋದೆಲ್ಲ ಕೈಗೆ ಸಿಗಲ್ಲ, ಬೆಚ್ಚಗಾದ ಮೇಲೆ ಒಂದಿಷ್ಟು ವಾಪಸ್ ಬರುತ್ತೆ. ಅದರ ಮೇಲೆ ಹೀಟರ್ ಖರ್ಚು. ಪೆಟ್ರೋಲ್ ಇಂಜಿನ್ ವ್ಯರ್ಥ ಮಾಡೋ ಶಾಖದಲ್ಲೇ ಕಾರಿನೊಳಗೆ ಬೆಚ್ಚಗಾಗುತ್ತೆ, ಇವಿಗೆ ಅದನ್ನೂ ಬ್ಯಾಟರಿಯಿಂದಲೇ ಕೊಡ್ಬೇಕು.

2024ರ ಜನವರಿಯಲ್ಲಿ ಶಿಕಾಗೋದ ಚಾರ್ಜಿಂಗ್ ಸ್ಟೇಷನ್‌ಗಳಲ್ಲಿ ಕಾರುಗಳು ಸಾಲುಗಟ್ಟಿ ನಿಂತಿದ್ದು ನೆನಪಿದೆಯಾ? ತಣ್ಣಗಾದ ಬ್ಯಾಟರಿ ಚಾರ್ಜ್ ತಗೊಳ್ಳೋದೂ ನಿಧಾನ. "ಹಾಗಾದ್ರೆ ಚಳಿ ದೇಶಕ್ಕೆ ಇವಿ ಆಗಲ್ಲ" ಅನ್ನೋರಿಗೆ ಒಂದೇ ಉತ್ತರ, ನಾರ್ವೆ. ಅದೇ 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು 89% ಇವಿ. ಅಲ್ಲಿನ ವಾಹನ ಮಾಲೀಕರ ಸಂಘ ಪ್ರತಿ ಚಳಿಗಾಲ ಕಾರುಗಳನ್ನ ನಿಜವಾದ ರಸ್ತೆಯಲ್ಲಿ ಬ್ಯಾಟರಿ ಖಾಲಿ ಆಗೋ ತನಕ ಓಡಿಸಿ, ಕಂಪನಿ ಹೇಳಿದ್ದೆಷ್ಟು, ಓಡಿದ್ದೆಷ್ಟು ಅಂತ ಪಟ್ಟಿ ಹಾಕುತ್ತೆ. ಬ್ರೋಷರ್ ನಂಬಿಕೊಂಡು ಅವರು ಹೊರಡಲ್ಲ.

6/7
ಈಗ ಎಲ್ಲರೂ ಬೈಯೋ ಆಮೆ. ಸೀನ್ ಹೀಗಿರುತ್ತೆ. 20% ಸುತ್ತಮುತ್ತ ಮೊದಲ ಎಚ್ಚರಿಕೆ. 10% ಆಚೀಚೆ ಎರಡನೇದು, ಅಷ್ಟೊತ್ತಿಗೆ ಕೆಲವು ಕಾರು ಎಸಿಗೂ ಕತ್ತರಿ ಹಾಕುತ್ತೆ. ಯಾವ ಪರ್ಸೆಂಟಲ್ಲಿ ಏನು ಅನ್ನೋದು ಮಾಡೆಲ್ ಮೇಲೆ ಹೋಗುತ್ತೆ, ನಿಮ್ಮ ಕಾರಿನ ಮ್ಯಾನುಯಲ್ ನೋಡಿ. ನಿಸ್ಸಾನ್ ಲೀಫ್ ಮಾಡೋದು ನಂಗೆ ಬಹಳ ಇಷ್ಟ: ತೀರಾ ಕಮ್ಮಿಯಾದಾಗ ರೇಂಜ್ ಜಾಗದಲ್ಲಿ ಬರೀ ಮೂರು ಗೆರೆ ತೋರಿಸುತ್ತೆ. "ನಂಗೂ ಗೊತ್ತಿಲ್ಲಪ್ಪ" ಅಂತ ಒಪ್ಕೊಂಡಂಗೆ. ಅದಕ್ಕಿಂತ ಪ್ರಾಮಾಣಿಕ ಡ್ಯಾಶ್‌ಬೋರ್ಡ್ ಇನ್ಯಾವುದು?

ಆಮೇಲೆ ಆಮೆ ದೀಪ. ಪೆಡಲ್ ಪೂರ್ತಿ ಒತ್ತಿದ್ರೂ ಕಾರು ಎಳೆಯಲ್ಲ. ಯಾಕೆ? ಖಾಲಿ ಆಗ್ತಾ ಬಂದ ಸೆಲ್ಲಿನ ವೋಲ್ಟೇಜ್ ಕೊನೆಯಲ್ಲಿ ಸರ್ರನೆ ಇಳಿಯುತ್ತೆ. ಆಗ ಜೋರಾಗಿ ಎಳೆದ್ರೆ ಇನ್ನೂ ಕುಸಿದು, ಸೆಲ್ಲೇ ಹಾಳಾಗೋ ಮಟ್ಟಕ್ಕೆ ಹೋಗುತ್ತೆ. ಅದನ್ನ ತಪ್ಪಿಸೋಕೆ ಕಾರೇ ಪವರ್ ಕಟ್ ಮಾಡುತ್ತೆ. ಆಮೆ ಅಂದ್ರೆ ಫಾಲ್ಟ್ ಅಲ್ಲ, "ಈಗಲೇ ಎಡಕ್ಕೆ ತಗೊಂಡು ನಿಲ್ಲಿಸು" ಅನ್ನೋ ಕೊನೇ ನೋಟಿಸ್. ಅದನ್ನೂ ಮೀರಿದ್ರೆ ದೊಡ್ಡ ಬ್ಯಾಟರಿಯ ಕನೆಕ್ಷನ್ ಕಟ್, ಮೋಟಾರ್ ಬಂದ್. ಹಜಾರ್ಡ್ ಲೈಟ್ ಮಾತ್ರ 12 ವೋಲ್ಟ್ ಚಿಕ್ಕ ಬ್ಯಾಟರಿಯಲ್ಲಿ ಉರಿಯುತ್ತೆ. ಹಗ್ಗ ಕಟ್ಟಿ ಎಳೆಸಬೇಡಿ, ಚಕ್ರ ತಿರುಗಿದ್ರೆ ಮೋಟಾರೂ ತಿರುಗುತ್ತೆ. ಫ್ಲಾಟ್‌ಬೆಡ್ ಕರೆಸಿ.

ಇದನ್ನ ತಿಳಿದೇ ಇರೋನು 4% ಇಟ್ಕೊಂಡು ಎಲೆಕ್ಟ್ರಾನಿಕ್ ಸಿಟಿ ಎಲಿವೇಟೆಡ್ ರಸ್ತೆ ಹತ್ತಿದ ಅಂತ ಇಟ್ಕೊಳ್ಳಿ. ಹಿಂದೆ ಬಸ್ಸು ಸ್ಪೀಡಲ್ಲಿ ಬರ್ತಿದೆ, ಆಮೆ ಬಂತು. ಇದು ರೀಲ್ ವಿಷಯ ಅಲ್ಲ, ಜೀವದ ವಿಷಯ.

7/7
ಆದ್ದರಿಂದ ನನ್ನ ವಾದ ಸಿಂಪಲ್. ಷೋರೂಮಲ್ಲಿ ಒಂದೇ ದೊಡ್ಡ ರೇಂಜ್ ನಂಬರ್ ಹಾಕೋದು ನಿಲ್ಲಿಸಿ. ಬಳಸೋಕೆ ಸಿಗೋ ಯೂನಿಟ್ ಎಷ್ಟು, ಎಸಿ ಹಾಕಿ ಜಾಮಲ್ಲಿ ಎಷ್ಟು, 100ರಲ್ಲಿ ಹೈವೇಯಲ್ಲಿ ಎಷ್ಟು, ಮೂರೂ ಬರೀರಿ. ಡೆಲಿವರಿ ದಿನ ಕೇಕ್ ಕತ್ತರಿಸೋ ಹತ್ತು ನಿಮಿಷದಲ್ಲಿ ಎರಡು ನಿಮಿಷ ಆಮೆ ದೀಪ ಏನು ಅಂತ ಹೇಳಿಕೊಡಿ. ಮೈಲೇಜ್ ಅನ್ನೋದು ಓಡಿಸೋ ರೀತಿ ಮೇಲೆ ಅಂತ ಪೆಟ್ರೋಲ್ ಬೈಕಿನವರಿಗೆ ಗೊತ್ತಿರುತ್ತೆ, ಇವಿ ತಗೊಳ್ಳೋರಿಗೆ ಯಾಕೆ ಮುಚ್ಚಿಡ್ತೀರಾ?

ನಾವೂ ಒಂದು ಅಭ್ಯಾಸ ಬದಲಾಯಿಸ್ಕೊಳ್ಳೋಣ. 20% ಕೆಳಗೆ ಬಂದ ಮೇಲೆ ಕಿಲೋಮೀಟರ್ ನೋಡಬೇಡಿ. ಪರ್ಸೆಂಟ್ ನೋಡಿ, ಮ್ಯಾಪಲ್ಲಿ ಎಷ್ಟು ದೂರ ಅನ್ನೋ ಜೊತೆ ಎಷ್ಟು ಹೊತ್ತು ಅಂತಾನೂ ನೋಡಿ.

ನಿಮ್ಮ ಮನೆಯಲ್ಲಿ ಇವಿ ಇದ್ರೆ, ಆಮೆ ದೀಪ ಎಷ್ಟು ಪರ್ಸೆಂಟಿಗೆ ಬರುತ್ತೆ ಅಂತ ಅಪ್ಪನ್ನೋ ಅಣ್ಣನ್ನೋ ಕೇಳಿ ಕಾಮೆಂಟಲ್ಲಿ ಹಾಕಿ. ಎಷ್ಟು ಜನರಿಗೆ ಗೊತ್ತಿದೆ ನೋಡೋಣ. 🐢

#ಇವಿ #ರೇಂಜ್‌ಲೆಕ್ಕ #ಆಮೆಮೋಡ್ #ಕನ್ನಡದಲ್ಲಿಇವಿ